ಇನ್ನೂರ ಹದಿನೈದು ಗ್ರಾಮಿನ ಪವಾಡ

ಲಿಥಿಯಂ ಅಯಾನ್ ಬ್ಯಾಟರಿಯನ್ನು ರೂಪಿಸಿದ್ದಕ್ಕಾಗಿ 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಕೊಟ್ಟರು. ಅವರಲ್ಲಿ ಜಾನ್ ಗುಡ್‌ಇನಫ್ ಎಂಬ ಹಿರಿಯರಿಗೆ ಆಗ 97 ವರ್ಷ. ಒಂದು ಗ್ರಾಂ ವಸ್ತುವಿನೊಳಗೆ ಇನ್ನಷ್ಟು ವಿದ್ಯುತ್ತನ್ನು ತುಂಬುವುದು ಹೇಗೆಂದು ಆ ಪುಣ್ಯಾತ್ಮರು ಆಯಸ್ಸನ್ನೇ ಸವೆಸಿದರು. ದಾವಣಗೆರೆಯ ಬಸ್ ನಿಲ್ದಾಣದ ಆಸುಪಾಸಿನ ಮೊಬೈಲ್ ಸಾಮಾನಿನ ಅಂಗಡಿಗಳಿಗೆ ಒಮ್ಮೆ ಬಂದುಹೋಗಿದ್ದರೆ ಅಷ್ಟು ಕಷ್ಟ ತಪ್ಪುತ್ತಿತ್ತು. ಇಲ್ಲಿ ಪವರ್ ಬ್ಯಾಂಕಿನ ಸಾಮರ್ಥ್ಯ ಹೆಚ್ಚುವುದು ಪ್ರಯೋಗಾಲಯದಲ್ಲಲ್ಲ, ಮುದ್ರಣಾಲಯದಲ್ಲಿ. ಹತ್ತು ಸಾವಿರದ ಪಕ್ಕ ಒಂದು ಸೊನ್ನೆ ಕೂರಿಸಿದರೆ ಒಂದು ಲಕ್ಷ. ಸೊನ್ನೆಗೆ ತೂಕವಿಲ್ಲ, ಜಿಎಸ್‌ಟಿಯೂ ಇಲ್ಲ.

ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥದ್ದೊಂದರ ಜಾಹೀರಾತು ಸುತ್ತಾಡುತ್ತಿತ್ತು. ಒಂದು ಲಕ್ಷ ಎಂಎಎಚ್, ತೂಕ 215 ಗ್ರಾಂ, ಬೆಲೆ 499 ರೂಪಾಯಿ, ಜೊತೆಗೆ ನಾಲ್ಕು ಚಿತ್ರಗಳು. "ಮಂಟಪಕ್ಕೆ ಎರಡು ತರಿಸೋಣ, ಕರೆಂಟು ಹೋದರೂ ಚಿಂತೆಯಿಲ್ಲ" ಎಂದು ಖಜಾಂಚಿಗಳು ಬರೆದರು. ಇಪ್ಪತ್ತೆರಡು ಮಂದಿ ಹೆಬ್ಬೆರಳು ಎತ್ತಿದರು. ಹೆಬ್ಬೆರಳು ಎತ್ತಿದವರಲ್ಲಿ ಒಬ್ಬರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು ಎಂಬುದನ್ನು ಇಲ್ಲಿ ಹೇಳದೇ ಇದ್ದರೂ ನಡೆಯುತ್ತಿತ್ತು.

ಲೆಕ್ಕ ಮಾಡಲು ಉಪನ್ಯಾಸಕರೇನೂ ಬೇಕಿಲ್ಲ. ಪವರ್ ಬ್ಯಾಂಕಿನೊಳಗಿನ ಸೆಲ್ಲಿನ ವೋಲ್ಟೇಜು 3.7. ಮೈಮೇಲೆ ಅಚ್ಚಾದ ಎಂಎಎಚ್ ಅಂಕಿಯನ್ನು ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಒಂದು ಲಕ್ಷಕ್ಕೆ 370. ಬೆಸ್ಕಾಂ ಮೀಟರು ಒಂದು ಯೂನಿಟ್ ಎನ್ನುವುದು ಸಾವಿರ ವ್ಯಾಟ್-ಅವರಿಗೆ. ಅಂದರೆ ಈ ಡಬ್ಬಿಯೊಳಗೆ ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ತಿದೆ. ಸಾಮಾನ್ಯ ಸೀಲಿಂಗ್ ಫ್ಯಾನನ್ನು ಹತ್ತಿರ ಹತ್ತಿರ ಐದು ಗಂಟೆ ತಿರುಗಿಸಬಹುದು. ಈಗ ತೂಕಕ್ಕೆ ಬನ್ನಿ. ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಲಿಥಿಯಂ ಸೆಲ್ಲು ಕಿಲೋಗೆ ಸುಮಾರು 250 ವ್ಯಾಟ್-ಅವರ್ ಹಿಡಿಯುತ್ತದೆ. ಆ ದರದಲ್ಲಿ 370ಕ್ಕೆ ಬರೀ ಸೆಲ್ಲುಗಳೇ ಒಂದೂವರೆ ಕಿಲೋ ಆಗಬೇಕು. ಕವಚ, ತಂತಿ, ಸರ್ಕ್ಯೂಟು ಬೇರೆ. ನಮ್ಮ ಡಬ್ಬಿ ಅದನ್ನು 215 ಗ್ರಾಮಿನಲ್ಲಿ ಮುಗಿಸಿದೆ. ಮೂವರು ಹಿರಿಯರ ಜೀವಮಾನದ ಸಾಧನೆಯನ್ನು 499 ರೂಪಾಯಿಗೆ ಏಳು ಪಟ್ಟು ಹಿಗ್ಗಿಸಿದ ವರ್ತಕನಿಗೆ ಮಹಾನಗರ ಪಾಲಿಕೆಯ ಸನ್ಮಾನವಾದರೂ ಆಗಬೇಡವೇ?

ಬ್ಯಾಟರಿಯ ವಿಷಯದಲ್ಲಿ ಹಗುರ ಎಂಬುದನ್ನು ಗುಣವೆಂದು ನಂಬಿಸಿದ್ದು ಈ ವ್ಯಾಪಾರದ ದೊಡ್ಡ ಗೆಲುವು. ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವ ಊರು ನಮ್ಮದು. ಚೀಲ ದೊಡ್ಡದಿದ್ದು ಭಾರ ಇಲ್ಲದಿದ್ದರೆ ಒಳಗೆ ಏನಿದೆ ಎಂದು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಅದೇ ಊರಿನ ದೊಡ್ಡವರು ಪವರ್ ಬ್ಯಾಂಕನ್ನು ಅಂಗೈಯಲ್ಲಿ ಎತ್ತಿ "ಎಷ್ಟು ಹಗುರ ನೋಡಿ!" ಎಂದು ಸಂತೋಷಪಡುತ್ತಾರೆ.

ಜಾಹೀರಾತಿನ ತೂಕವೇ ತಪ್ಪಾಗಿ ಅಚ್ಚಾಗಿರಬಹುದಲ್ಲ ಎಂದು ಖಜಾಂಚಿಗಳು ವಾದಿಸಿದರು. ಇರಬಹುದು, ಆದ್ದರಿಂದಲೇ ಚಿತ್ರ ನೋಡಬೇಕು. ಮಾರುವವನು ಚಿತ್ರದಲ್ಲಿ ಅಳತೆಯ ಪಟ್ಟಿ ಇಡುವುದಿಲ್ಲ. ಆದರೆ ಪಾಪ, ಯುಎಸ್‌ಬಿ ತೂತನ್ನು ಮುಚ್ಚಲು ಅವನಿಂದ ಆಗುವುದಿಲ್ಲ. ಆ ಅಗಲವಾದ ಹಳೆಯ ಮಾದರಿಯ ಯುಎಸ್‌ಬಿ ಬಾಯಿ ಜಗತ್ತಿನಲ್ಲಿ ಎಲ್ಲೇ ತಯಾರಾದರೂ ಸುಮಾರು 12 ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರ್ ಎತ್ತರ ಇರುತ್ತದೆ. ಎರಡನೆಯ ಚಿತ್ರದಲ್ಲಿ ಡಬ್ಬಿಯ ಅಗಲ ಆ ಬಾಯಿಯ ಆರರಷ್ಟಿತ್ತು, ದಪ್ಪ ಬಾಯಿಯ ಎತ್ತರದ ನಾಲ್ಕರಷ್ಟಿತ್ತು. ಉದ್ದ ಅಗಲದ ಎರಡರಷ್ಟು. ಗುಣಿಸಿ ನೋಡಿದರೆ ಒಟ್ಟು ಗಾತ್ರ ಸುಮಾರು 185 ಘನ ಸೆಂಟಿಮೀಟರ್. ಒಳ್ಳೆಯ ಸೆಲ್ಲು ಒಂದು ಘನ ಸೆಂಟಿಮೀಟರಿಗೆ ಸುಮಾರು 0.6 ವ್ಯಾಟ್-ಅವರ್ ಕೊಡುತ್ತದೆ. ಕವಚವೂ ಇಲ್ಲ, ಸರ್ಕ್ಯೂಟೂ ಇಲ್ಲ, ಡಬ್ಬಿಯೆಂದರೆ ಬರೀ ಸೆಲ್ಲು ಎಂದು ಉದಾರವಾಗಿ ಒಪ್ಪಿಕೊಂಡರೂ 110 ವ್ಯಾಟ್-ಅವರ್, ಅಂದರೆ ಮೂವತ್ತು ಸಾವಿರ ಎಂಎಎಚ್. ಉಳಿದ ಎಪ್ಪತ್ತು ಸಾವಿರಕ್ಕೆ ಜಾಗವೇ ಇಲ್ಲ. ತೂಕದ ಲೆಕ್ಕ ಇನ್ನೂ ನಿಷ್ಠುರ: 215 ಗ್ರಾಂ ಪೂರ್ತಿ ಸೆಲ್ಲೇ ಆದರೂ ಹದಿನೈದು ಸಾವಿರ ದಾಟುವುದಿಲ್ಲ. ಗಾತ್ರ ಮೂವತ್ತು ಸಾವಿರಕ್ಕೆ ಅವಕಾಶ ಕೊಡುತ್ತದೆ, ತೂಕ ಅದರ ಅರ್ಧಕ್ಕೂ ಕೊಡುವುದಿಲ್ಲ ಎಂದರೆ ಡಬ್ಬಿಯ ದೊಡ್ಡ ಪಾಲು ಗಾಳಿ. ಗಾಳಿಯಿಂದ ವಿದ್ಯುತ್ ತೆಗೆಯುವ ಕೆಲಸ ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ನಡೆಯುತ್ತಿದೆ ನಿಜ, ಆದರೆ ಅಲ್ಲಿ ರೆಕ್ಕೆಗಳಿವೆ.

ಮೂರನೆಯ ಚಿತ್ರ ಹಿಂಬದಿಯದು. ಮುಂದೆ ಬೆರಳುದ್ದದ ಬಂಗಾರದ ಅಂಕಿ, ಹಿಂದೆ ಇರುವೆ ಸಾಲು. ಈ ಇರುವೆಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ಓದಬೇಕು. ಅಲ್ಲಿ ಸತ್ಯವಂತನೊಬ್ಬ ಕದ್ದು ಕುಳಿತಿದ್ದ: 37Wh. ಮುಂದಿನದನ್ನು ಅಚ್ಚು ಹಾಕಿದವನು ಸೊನ್ನೆ ಸೇರಿಸಿದ, ಹಿಂದಿನದನ್ನು ತಿದ್ದಲು ಮರೆತ. ಮೂವತ್ತೇಳು ಎಂದರೆ ಹತ್ತು ಸಾವಿರ ಎಂಎಎಚ್. ಅದೂ ಇರುತ್ತದೆ ಎಂದು ಆಣೆ ಮಾಡುವವರು ಯಾರೂ ಇಲ್ಲ, ಆದರೆ ತೂಕ ಅದಕ್ಕೆ ಅಡ್ಡಿ ಹೇಳುವುದಿಲ್ಲ. ಅದೇ ಚಿತ್ರದ ಮೂಲೆಯಲ್ಲಿ ವಿಮಾನದ ಗುರುತು, ಕೆಳಗೆ "ವಿಮಾನಕ್ಕೆ ಅನುಮತಿ ಇದೆ" ಎಂಬ ಭರವಸೆ. ವಿಶೇಷ ಅನುಮತಿಯಿಲ್ಲದೆ ಪ್ರಯಾಣಿಕರು ಕೈಚೀಲದಲ್ಲಿ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್. ನಿಜವಾಗಿ ಒಂದು ಲಕ್ಷದ್ದಾಗಿದ್ದರೆ ಅದನ್ನು ವಿಮಾನದ ಹತ್ತಿರಕ್ಕೂ ಬಿಡುವುದಿಲ್ಲ. ಒಂದೇ ಡಬ್ಬಿ ಲಕ್ಷವೂ ಹೌದು, ವಿಮಾನ ಹತ್ತುವುದೂ ಹೌದು! ದಾವಣಗೆರೆಯವರು ವಿಮಾನ ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ಬೇರೆ ಊರಿಗೆ ಹೋಗಬೇಕು ಎಂಬುದು ಮಾರುವವನಿಗೆ ಗೊತ್ತಿದ್ದಿರಬಹುದು.

ಇಲ್ಲಿ ಒಂದು ಅನ್ಯಾಯವನ್ನೂ ಹೇಳಬೇಕು. ಪ್ರಾಮಾಣಿಕವಾದ ಹತ್ತು ಸಾವಿರದ ಪವರ್ ಬ್ಯಾಂಕು ಫೋನಿಗೆ ಕೊಡುವುದು ಆರು ಸಾವಿರದಿಂದ ಆರೂವರೆ ಸಾವಿರ ಮಾತ್ರ. ಹತ್ತು ಸಾವಿರ ಎಂಬುದು 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಹೊರಗೆ ಬರುವುದು 5 ವೋಲ್ಟು, ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಮರ್ಯಾದಸ್ಥ ಕಂಪನಿ ಇದನ್ನು ಹಿಂಬದಿಯಲ್ಲಿ ರೇಟೆಡ್ ಸಾಮರ್ಥ್ಯ ಎಂದು ತಾನೇ ಬರೆದುಕೊಳ್ಳುತ್ತದೆ. ಗ್ರಾಹಕ ಅದನ್ನು ಓದಿ "ಮೋಸ!" ಎಂದು ಕೂಗುತ್ತಾನೆ, ಹಿಂದೆ ಅದನ್ನು ಬರೆಯದ ಲಕ್ಷದ ಡಬ್ಬಿಯನ್ನು ಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ.

ನಾಲ್ಕನೆಯ ಚಿತ್ರ ಪ್ರಮಾಣಪತ್ರಗಳ ಜಾತ್ರೆ. ಹಸಿರು ಎಲೆ, ಗುರಾಣಿ, ಸಿಂಹದ ತಲೆ, ಐಎಸ್‌ಐ ಮುದ್ರೆ. ಈ ಐಎಸ್‌ಐ ಮುದ್ರೆಯೇ ಕಳ್ಳನನ್ನು ಹಿಡಿದುಕೊಟ್ಟಿತು. ಸಿಮೆಂಟಿಗೂ ಪ್ರೆಷರ್ ಕುಕ್ಕರಿಗೂ ಇರುವ ಆ ಗುರುತು ಪವರ್ ಬ್ಯಾಂಕಿಗೆ ಬರುವುದಿಲ್ಲ. ಕೇಂದ್ರ ಸರ್ಕಾರ 2012ರಲ್ಲಿ ಹೊರಡಿಸಿದ ಕಡ್ಡಾಯ ನೋಂದಣಿ ಆದೇಶದ ಪಟ್ಟಿಗೆ ಪವರ್ ಬ್ಯಾಂಕೂ ಬಿಡಿ ಲಿಥಿಯಂ ಸೆಲ್ಲೂ ಆಮೇಲೆ ಸೇರಿದವು. ಅವುಗಳ ಮೇಲೆ ಬಿಐಎಸ್ ಗುರುತಿನ ಜೊತೆ ಐಎಸ್ ಮಾನದಂಡದ ಸಂಖ್ಯೆ ಇರಬೇಕು, R- ಎಂದು ಶುರುವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ನಮ್ಮ ಚಿತ್ರದಲ್ಲಿ R- ಇತ್ತು, ಮುಂದಿನ ಅಂಕಿಗಳು ಮಂಜು ಮುಸುಕಿದಂತೆ ಮಸುಕಾಗಿದ್ದವು. ಪಕ್ಕದ ಸಿಂಹದ ಮೀಸೆ ಮಾತ್ರ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಮತ್ತೊಂದು ವಿಚಿತ್ರ: ಡಬ್ಬಿಯ ಅಂಚು ಬಾಗಿದೆ, ಅಕ್ಷರ ಬಾಗಿಲ್ಲ. ಡಬ್ಬಿಯ ಮೇಲೆ ದೀಪದ ಹೊಳಪು ಹಾದುಹೋಗಿದೆ, ಅಕ್ಷರದ ಮೇಲೆ ಹೊಳಪಿಲ್ಲ. ಅಂದರೆ ಅಕ್ಷರ ಅಚ್ಚಾಗಿರುವುದು ಡಬ್ಬಿಯ ಮೇಲಲ್ಲ, ಚಿತ್ರದ ಮೇಲೆ.

ಅಂಕಿ ಸ್ಪಷ್ಟವಾಗಿದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಯಾವ ಕಂಪನಿ, ಯಾವ ವಸ್ತು, ಯಾವ ಬ್ರ್ಯಾಂಡು ಎಂದು ಅದು ತೋರಿಸುತ್ತದೆ. ಹೆಸರು ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ಹೊಂದಿದರೂ ಮುಗಿಯುವುದಿಲ್ಲ, ಏಕೆಂದರೆ ಅಸಲಿಯ ಸಂಖ್ಯೆಯನ್ನು ನಕಲು ಮಾಡುವುದು ಅಸಲಿಯನ್ನು ನಕಲು ಮಾಡುವುದಕ್ಕಿಂತ ಸುಲಭ.

ಗಣೇಶನ ಮಂಟಪದಲ್ಲಿ ಇದೆಲ್ಲ ನಗೆಯ ಮಾತು. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಅಷ್ಟು ನಗು ಬರುವುದಿಲ್ಲ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದಾಗ ರೈತ ತಲೆಗೆ ಕಟ್ಟಿಕೊಂಡು ಹೋಗುವ ಟಾರ್ಚಿನಲ್ಲಿ 18650 ಎಂಬ ದುಂಡು ಸೆಲ್ಲು ಇರುತ್ತದೆ. 18 ಮಿಲಿಮೀಟರ್ ದಪ್ಪ, 65 ಉದ್ದ, ಹೆಸರೇ ಅಳತೆ. ಹೆಸರುವಾಸಿ ಕಂಪನಿಗಳು ಈ ಗಾತ್ರದಲ್ಲಿ 3,500 ಎಂಎಎಚ್ ಆಸುಪಾಸು ತಲುಪಿ ಏದುಸಿರು ಬಿಡುತ್ತಿವೆ. ಅಂಥ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. ಟಾರ್ಚಿನದರ ಮೇಲೆ 9,900 ಎಂದಿರುತ್ತದೆ, ಅಕ್ಕಸಾಲಿಗನ ತಕ್ಕಡಿಗೆ ಹಾಕಿದರೆ ಮೂವತ್ತು ಗ್ರಾಂ. ಕೆಲವು ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತು ಹೊಸ ಪ್ಲಾಸ್ಟಿಕ್ ಅಂಗಿ ತೊಡಿಸಿದವು. ಅತಿಯಾಗಿ ತುಂಬಿದಾಗ ತಡೆಯುವ ಸರ್ಕ್ಯೂಟನ್ನೂ ಉಳಿತಾಯ ಮಾಡಿರುತ್ತಾರೆ. ಅಂಥದ್ದು ಹಣೆಯ ಮೇಲೆ ಕುಳಿತಿರುವಾಗ ಉಬ್ಬಿದರೆ, ಬೆಂಕಿ ಹಿಡಿದರೆ, ತೋಟದ ನಡುವೆ ರೈತ ಓದಬೇಕಾದ ಗ್ಯಾರಂಟಿ ಕಾರ್ಡನ್ನು ಡಬ್ಬಿಯೊಳಗೆ ಇಟ್ಟಿದ್ದಾರೆ: ಸುಟ್ಟ ಮಾಲಿಗೆ ಗ್ಯಾರಂಟಿ ಇಲ್ಲ.

ಇಷ್ಟೆಲ್ಲ ಬರೆದು ಗುಂಪಿಗೆ ಹಾಕಿದ ಮೇಲೂ ಖಜಾಂಚಿಗಳಿಗೆ ಸಮಾಧಾನವಾಗಲಿಲ್ಲ. ಅದೇ ಮಾಲು ಇದ್ದ ಅಂಗಡಿಗೆ ನನ್ನನ್ನೇ ಕರೆದುಕೊಂಡು ಹೋದರು. ತೂಕದ ಪ್ರಶ್ನೆಯನ್ನು ಅಂಗಡಿಯವರು ಶಾಂತವಾಗಿ ಕೇಳಿಸಿಕೊಂಡರು. ಅದನ್ನು ಅವರು ಮೊದಲ ಬಾರಿ ಕೇಳುತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ತೂಕ ಕೇಳುವವರಿಗೆ ಬೇರೆ ಮಾಲು ಇಟ್ಟಿದ್ದೇವೆ ಸಾರ್" ಎಂದು ಕೌಂಟರಿನ ಕೆಳಗಿನಿಂದ ಇನ್ನೊಂದು ಡಬ್ಬಿ ತೆಗೆದರು. ಅದೇ ಬಣ್ಣ, ಅದೇ ಲಕ್ಷ, ಅದೇ ಸಿಂಹ. ಕೈಗೆ ಭಾರವಾಗಿತ್ತು. ಖಜಾಂಚಿಗಳ ಮುಖ ಅರಳಿತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ, ಒಳಗೆ ಸರಸರ ಎಂದಿತು.

"ಇದೇನು?"

"ನೂರು ರೂಪಾಯಿ ಜಾಸ್ತಿ ಆಗುತ್ತದೆ" ಎಂದರು.

ಹರಿಹರದ ಹೊಳೆಯ ಮರಳಿಗೆ ಈಗ ಇರುವ ಬೆಲೆ ನೋಡಿದರೆ ಅವರು ಹೆಚ್ಚೇನೂ ಕೇಳಲಿಲ್ಲ.