ಮೀಟರ್ ಸರಿ ಇದೆ, ಬಿಲ್ ತಪ್ಪು: ಅಮ್ಮನ ಮನೆಯ 226 ಯೂನಿಟ್ ಕಥೆ

ಆಗಸ್ಟ್ 5ನೇ ತಾರೀಖು ಅಮ್ಮ ಫೋನ್ ಮಾಡಿದರು. "ಏನೋ ಇದು, ಇಷ್ಟು ದಿನ ಸೊನ್ನೆ ಬರ್ತಿತ್ತು, ಈ ಸಲ ಸಾವಿರದ ಎಂಟ್ನೂರು ಅಂತಿದೆ. ನಾನೊಬ್ಬಳೇ ಇರೋದು, ಏನು ಉರಿಸಿದೆ ಅಂತ ಇಷ್ಟು?" ಅಂದರು. ಬೈಯುವ ದನಿ ಅಲ್ಲ ಅದು. ತಾನೇ ಏನೋ ತಪ್ಪು ಮಾಡಿದೆ ಅನ್ನುವ ದನಿ. ಅವತ್ತಿನಿಂದ ರಾತ್ರಿ ಫ್ಯಾನ್ ಹಾಕದೆ ಮಲಗುತ್ತಿದ್ದರಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ಈ ಬರಹ ಬರೆಯುವುದಕ್ಕೆ ಅದೇ ಕಾರಣ.

ಅಮ್ಮನ ಮನೆ ಗೃಹಜ್ಯೋತಿಯಲ್ಲಿದೆ. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಲೆಕ್ಕ ಹಾಗಿಲ್ಲ. ನಮ್ಮ ಮನೆಯ ಹಳೆಯ ಸರಾಸರಿ 96 ಯೂನಿಟ್ ಇತ್ತು, ಅದರ ಮೇಲೆ ಶೇಕಡ 10 ಸೇರಿಸಿ ಸುಮಾರು 106 ಯೂನಿಟ್ ನಮಗೆ ಸಿಕ್ಕಿದೆ. ಅಷ್ಟರೊಳಗೆ ಇದ್ದರೆ ಬಿಲ್ ಸೊನ್ನೆ. ಅದಕ್ಕಿಂತ ಜಾಸ್ತಿ ಆಗಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. ಆದರೆ ಒಂದು ತಿಂಗಳಲ್ಲಿ 200 ದಾಟಿತು ಅಂದರೆ ಅಷ್ಟೂ ಯೂನಿಟ್‌ಗೆ ಕಟ್ಟಬೇಕು, ಜೊತೆಗೆ ನಿಗದಿತ ಶುಲ್ಕವೂ ಬರುತ್ತದೆ. ಅಮ್ಮನ ಬಿಲ್‌ನಲ್ಲಿ ಬಳಕೆ 226 ಯೂನಿಟ್ ಅಂತ ಇತ್ತು. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ ಅದೇ 1,310 ರೂಪಾಯಿ. ಆಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ತೆರಿಗೆ ಎಲ್ಲ ಸೇರಿ 1,800 ಚಿಲ್ಲರೆ.

ಶನಿವಾರ ಊರಿಗೆ ಹೋದೆ. ಬೀದಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಮೀಟರ್ ಜೋರಾಗಿ ಓಡ್ತಿದೆ, ಚೇಂಜ್ ಮಾಡಿಸಿ". ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ದೂರು ಬರೆಯುವ ಮುಂಚೆ ನೋಡೋಣ ಅಂತ ಮೇನ್ ಆಫ್ ಮಾಡಿ ಮೀಟರ್ ಮುಂದೆ ನಿಂತೆ. ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ ಅಲ್ವಾ, ಮೇನ್ ಆಫ್ ಮಾಡಿದ ಮೇಲೆ ಅದು ಮಿನುಗಬಾರದು. ಐದು ನಿಮಿಷ ನಿಂತೆ, ಒಂದು ಸಲವೂ ಮಿನುಗಲಿಲ್ಲ. ಆಮೇಲೆ ಮೇನ್ ಆನ್ ಮಾಡಿ, ಫ್ರಿಜ್ ಸಮೇತ ಉಳಿದದ್ದನ್ನೆಲ್ಲ ಆಫ್ ಮಾಡಿ, ನೀರು ಕಾಯಿಸುವ 1000 ವ್ಯಾಟ್ ರಾಡ್ ಒಂದನ್ನೇ ಬಕೆಟ್ಟಿಗೆ ಹಾಕಿದೆ. ನಮ್ಮ ಮೀಟರ್ ಮೇಲೆ 3200 imp/kWh ಅಂತ ಬರೆದಿದೆ. ಅಂದರೆ ಒಂದು ಯೂನಿಟ್‌ಗೆ ಆ ದೀಪ 3,200 ಸಲ ಮಿನುಗಬೇಕು. 1000 ವ್ಯಾಟ್ ರಾಡ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಹಾಗಾಗಿ ನಿಮಿಷಕ್ಕೆ ಸುಮಾರು 53 ಸಲ. ಫೋನಲ್ಲಿ ವಿಡಿಯೋ ಮಾಡಿಕೊಂಡು ಎಣಿಸಿದೆ, 51 ಬಂತು. ಊರಲ್ಲಿ ವೋಲ್ಟೇಜ್ ಸ್ವಲ್ಪ ಕಡಿಮೆ, ರಾಡ್ ಅಷ್ಟೇ ಕಡಿಮೆ ಎಳೆಯುತ್ತದೆ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಆದರೆ ಮೀಟರ್ ಎರಡು ಪಟ್ಟು ಓಡುತ್ತಿದ್ದರೆ ಇಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು.

ಹಾಗಾದರೆ ತಪ್ಪು ಎಲ್ಲಿದೆ? ಅಮ್ಮ ದೇವರ ಮನೆಯ ಕ್ಯಾಲೆಂಡರ್ ಹಿಂದಿನ ಮೊಳೆಗೆ ಎಲ್ಲ ಬಿಲ್ ಸಿಕ್ಕಿಸಿಟ್ಟಿರುತ್ತಾರೆ. ಅವನ್ನೆಲ್ಲ ತೆಗೆದು ನೆಲದ ಮೇಲೆ ತಿಂಗಳ ಪ್ರಕಾರ ಸಾಲಾಗಿ ಇಟ್ಟೆ. ದುಡ್ಡಿನ ಅಂಕಿ ನೋಡಲೇ ಇಲ್ಲ. ಹಿಂದಿನ ಮಾಪನ, ಇಂದಿನ ಮಾಪನ, ಬಳಕೆ, ಈ ಮೂರನ್ನೇ ಒಂದು ಹಾಳೆಗೆ ಇಳಿಸಿದೆ:

ಏಪ್ರಿಲ್ 5: 6214ರಿಂದ 6310, ಬಳಕೆ 96
ಮೇ 5: 6310ರಿಂದ 6412, ಬಳಕೆ 102
ಜೂನ್ 5: 6412ರಿಂದ 6450, ಬಳಕೆ 38
ಜುಲೈ 5: 6450ರಿಂದ 6489, ಬಳಕೆ 39
ಆಗಸ್ಟ್ 5: 6489ರಿಂದ 6715, ಬಳಕೆ 226

ಬರೆದು ಮುಗಿಸುವಷ್ಟರಲ್ಲಿ ಕಣ್ಣಿಗೆ ಹೊಡೆಯಿತು. ತಪ್ಪು ಆಗಸ್ಟ್‌ದಲ್ಲ, ಜೂನ್ ಮತ್ತು ಜುಲೈದು. ಬೇಸಿಗೆಯಲ್ಲಿ 102 ಯೂನಿಟ್ ಉರಿಸಿದ ಮನೆ, ಅದೇ ಫ್ರಿಜ್, ಅದೇ ಟಿವಿ ಇದ್ದುಕೊಂಡು ಮರುತಿಂಗಳು 38ಕ್ಕೆ ಹೇಗೆ ಇಳಿಯುತ್ತದೆ? ಅಮ್ಮ ಎಲ್ಲಿಗೂ ಹೋಗಿರಲಿಲ್ಲ. ಆ ಎರಡು ತಿಂಗಳು ಯಾರೂ ಮೀಟರ್ ಓದಿಲ್ಲ, ಅಂದಾಜಿನಲ್ಲಿ ಒಂದು ಅಂಕಿ ಹಾಕಿ ಬಿಲ್ ಕೊಟ್ಟಿದ್ದಾರೆ. ಆಗಸ್ಟ್‌ನಲ್ಲಿ ನಿಜವಾಗಿ ಓದಿದಾಗ ಬಾಕಿ ಉಳಿದಿದ್ದ ಯೂನಿಟ್ಟೆಲ್ಲ ಒಂದೇ ತಿಂಗಳ ತಲೆಗೆ ಬಂತು. ಮೂರು ತಿಂಗಳು ಕೂಡಿಸಿದರೆ 303. ಮೂರರಿಂದ ಭಾಗಿಸಿದರೆ 101. ಅಮ್ಮನ ಪಾಲು 106. ಅಂದರೆ ಪ್ರತಿ ತಿಂಗಳು ಸರಿಯಾಗಿ ಓದಿದ್ದರೆ ಮೂರೂ ತಿಂಗಳು ಸೊನ್ನೆ ಬಿಲ್ಲೇ ಬರಬೇಕಿತ್ತು.

ಇದು ಮುಂಚೆ ಯಾಕೆ ಗೊತ್ತಾಗಲಿಲ್ಲ ಅಂದರೆ ಬಿಲ್ ಸೊನ್ನೆ ಇತ್ತು. 102 ಇದ್ದಾಗಲೂ ಸೊನ್ನೆ, 38 ಇದ್ದಾಗಲೂ ಸೊನ್ನೆ. ಕಟ್ಟುವುದೇನೂ ಇಲ್ಲದ ಬಿಲ್ಲಿನ ರೀಡಿಂಗ್ ಯಾರು ನೋಡುತ್ತಾರೆ ಹೇಳಿ. ಆದರೆ ಕಡಿಮೆ ಯೂನಿಟ್ ಬಂದ ಆ ತಿಂಗಳೇ ಎಚ್ಚರ ಆಗಬೇಕಿತ್ತು.

ಸೋಮವಾರ ಕರೆಂಟ್ ಆಫೀಸಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಬಿಲ್ ನೋಡಿ, "ಮೊದಲು ಕಟ್ಟಿಬಿಡಿ ಸರ್, ಇಲ್ಲಾಂದ್ರೆ ಲೈನ್ ಕಟ್ ಮಾಡ್ತಾರೆ. ಮೀಟರ್ ಟೆಸ್ಟಿಂಗ್‌ಗೆ ಅರ್ಜಿ ಕೊಡಿ" ಅಂದರು. ಮೀಟರ್ ಮೇಲೆ ನನ್ನ ದೂರೇ ಇಲ್ಲ ಅಂದೆ. ಇಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ. ಮೀಟರ್ ಸರಿ ಇಲ್ಲ ಅಂತ ಬರೆದುಕೊಟ್ಟರೆ ಟೆಸ್ಟ್ ಆಗುತ್ತದೆ, ಮೀಟರ್ ಪಾಸಾಗುತ್ತದೆ, "ನಿಮ್ಮ ಮೀಟರ್ ಸರಿ ಇದೆ, ಬಿಲ್ಲೂ ಸರಿ ಇದೆ" ಅಂತ ಫೈಲ್ ಮುಚ್ಚುತ್ತಾರೆ. ನಿಜವಾಗಿ ಮೀಟರ್ ಮೇಲೇ ಅನುಮಾನ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆಗಿದೆ. ದೂರು ಕೊಟ್ಟ 5 ದಿನದೊಳಗೆ ಇನ್ನೊಂದು ಮೀಟರ್ ಜೊತೆಗೆ ಹಾಕಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು ಅಂತ ಅದರಲ್ಲಿದೆ. ನಮ್ಮ ಕೇಸು ಅದಲ್ಲ.

ಲೈನ್ ಕಟ್ ಮಾಡ್ತೀವಿ ಅನ್ನುವ ಮಾತಿಗೆ ಅಮ್ಮನಂಥವರು ಹೆದರಿ ಕಟ್ಟಿಬಿಡುತ್ತಾರೆ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕಟ್ ಮಾಡುವ ಮುಂಚೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಿಲ್ ಬಗ್ಗೆ ತಕರಾರು ಇದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತಕರಾರು ಇಟ್ಟುಕೊಂಡೇ ಕಟ್ಟಿದರೆ ತಕರಾರು ತೀರುವವರೆಗೆ ಲೈನ್ ಕಟ್ ಮಾಡುವಂತಿಲ್ಲ. ಇದನ್ನು ಸಮಾಧಾನವಾಗಿ ಹೇಳಿದೆ. ಅವರೂ ಮುಂದೆ ವಾದ ಮಾಡಲಿಲ್ಲ, ಬರೆದುಕೊಡಿ ಅಂದರು.

ಒಂದು ಕೊರತೆ ಮಾತ್ರ ಇತ್ತು. ಜೂನ್, ಜುಲೈ ರೀಡಿಂಗ್ ಅಂದಾಜಿನದ್ದು ಅಂತ ನಾನು ಹೇಳಿದರೆ ಸಾಕಾಗುವುದಿಲ್ಲ, ಸಾಕ್ಷಿ ಬೇಕು. ಆ ರಾತ್ರಿ ನೆನಪಾಯಿತು. ಜೂನ್ 21ಕ್ಕೆ ಅಮ್ಮನ ಮನೆಯ ಮೇನ್ ಸ್ವಿಚ್ ಸುಟ್ಟಿತ್ತು, ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಸುಟ್ಟ ಸ್ವಿಚ್ಚಿನ ಫೋಟೋ ನನಗೆ ವಾಟ್ಸಾಪ್ ಮಾಡಿದ್ದರು. ಹುಡುಕಿ ತೆಗೆದೆ. ಕರಿ ಹಿಡಿದ ಸ್ವಿಚ್, ಅದರ ಮೇಲೆ ಜೇಡರ ಬಲೆ, ಮೂಲೆಯಲ್ಲಿ ಅರ್ಧ ಮೀಟರ್. ದೊಡ್ಡದು ಮಾಡಿ ನೋಡಿದರೆ ಧೂಳು ಕೂತ ಗಾಜಿನ ಹಿಂದೆ 6571, ಪಕ್ಕದಲ್ಲಿ ಸಣ್ಣದಾಗಿ kWh. ಆ kWh ಕಂಡಿದ್ದು ನಮ್ಮ ಪುಣ್ಯ. ಯಾಕಂದರೆ ಆ ಪರದೆಯಲ್ಲಿ ಕೆಲವು ಸೆಕೆಂಡಿಗೊಮ್ಮೆ ತಾರೀಖು, ವೋಲ್ಟೇಜ್, ಗರಿಷ್ಠ ಬೇಡಿಕೆ ಅಂತ ಬೇರೆ ಬೇರೆ ಅಂಕಿ ಬರುತ್ತಿರುತ್ತದೆ, kWh ಇಲ್ಲದ ಫೋಟೋ ಸಾಕ್ಷಿಗೆ ಬರುವುದಿಲ್ಲ.

ಜೂನ್ 21ಕ್ಕೇ ಮೀಟರ್ 6571ರಲ್ಲಿತ್ತು. ಎರಡು ವಾರ ಬಿಟ್ಟು ಕೊಟ್ಟ ಜುಲೈ ಬಿಲ್‌ನಲ್ಲಿ 6489 ಅಂತ ಇದೆ. ಮೀಟರ್ ಹಿಂದಕ್ಕೆ ಓಡುವುದಿಲ್ಲ.

ದೂರನ್ನು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಂದರೆ ಎಇಇ ಹೆಸರಿಗೆ ಒಂದೇ ಪುಟದಲ್ಲಿ ಬರೆದೆ. ಬೈಗುಳ ಇಲ್ಲ, ಅಮ್ಮನ ವಯಸ್ಸಿನ ಮಾತೂ ಇಲ್ಲ. ಮೇಲೆ ಆರ್‌ಆರ್ ನಂಬರ್ ಮತ್ತು ಮೀಟರ್ ಸೀರಿಯಲ್ ನಂಬರ್ (ಬಿಲ್‌ನಲ್ಲಿರುವುದೂ ಮೀಟರ್ ಮೇಲಿರುವುದೂ ಒಂದೇನಾ ಅಂತ ಮೊದಲು ನೋಡಿಕೊಳ್ಳಿ, ಸಾಲುಮನೆಗಳಲ್ಲಿ ಅದಲುಬದಲು ಆಗಿರುತ್ತದೆ). ಅದರ ಕೆಳಗೆ ಆ ಐದು ಸಾಲು. ಆಮೇಲೆ ಇಷ್ಟು:

"ಜೂನ್ ಮತ್ತು ಜುಲೈ ಬಿಲ್‌ನ ರೀಡಿಂಗ್ ಮೀಟರ್ ನೋಡಿ ಬರೆದದ್ದಲ್ಲ. ಜೂನ್ 21ರ ಫೋಟೋದಲ್ಲಿ 6571 ಇದೆ, ಜುಲೈ 5ರ ಬಿಲ್‌ನಲ್ಲಿ 6489 ಇದೆ. ಮೇ 5ರ 6412 ಮತ್ತು ಆಗಸ್ಟ್ 5ರ 6715 ಎರಡನ್ನೂ ಒಪ್ಪುತ್ತೇವೆ. ನಡುವಿನ 92 ದಿನಕ್ಕೆ 303 ಯೂನಿಟ್. ಇದನ್ನು ದಿನದ ಲೆಕ್ಕದಲ್ಲಿ ಹಂಚಿದರೆ ಮೂರು ಬಿಲ್‌ಗೆ 102, 99, 102 ಆಗುತ್ತದೆ. ಹೀಗೆ ಹಂಚಿ, ಆಯಾ ತಿಂಗಳ ಗೃಹಜ್ಯೋತಿ ಅರ್ಹತೆ ಕೊಟ್ಟು, ಮೂರೂ ಬಿಲ್ ಪರಿಷ್ಕರಿಸಿ ಕೊಡಬೇಕಾಗಿ ಕೋರಿಕೆ. ಮೀಟರ್ ಬಗ್ಗೆ ನಮ್ಮ ತಕರಾರಿಲ್ಲ."

ಅದೇ ದಿನದ ಲೆಕ್ಕದಲ್ಲಿ ಜೂನ್ 21ಕ್ಕೆ 6567 ಬರುತ್ತದೆ, ಫೋಟೋದಲ್ಲಿ 6571. ನಾಲ್ಕು ಯೂನಿಟ್ ವ್ಯತ್ಯಾಸ ಅಷ್ಟೇ. ಇದನ್ನೂ ಪೆನ್ನಲ್ಲಿ ಪಕ್ಕಕ್ಕೆ ಬರೆದೆ. ಐದೂ ಬಿಲ್‌ನ ಜೆರಾಕ್ಸ್, ಫೋಟೋ ಪ್ರಿಂಟ್ ಸೇರಿಸಿ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೆ. 1912ಕ್ಕೂ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಂಡೆ.

ಅದೇ ವಾರ ಸೆಕ್ಷನ್ ಆಫೀಸರ್ ಮನೆಗೆ ಬಂದು ಮೀಟರ್ ನೋಡಿ, ಫೋಟೋದ ವಾಟ್ಸಾಪ್ ತಾರೀಖು ನೋಡಿ, ವರದಿ ಬರೆದುಕೊಂಡು ಹೋದರು. ಆಮೇಲೆ ಇನ್ನೆರಡು ಸಲ ಅಲೆಯಬೇಕಾಯಿತು. ತಿಂಗಳ ಕೊನೆಗೆ ಬಿಲ್ ಪರಿಷ್ಕರಿಸಿ ಸೊನ್ನೆ ಮಾಡಿಕೊಟ್ಟರು. ಕೆಲಸ ಮಾಡಿಕೊಟ್ಟವರಿಗೆ ಥ್ಯಾಂಕ್ಸ್ ಹೇಳಿಯೇ ಬಂದೆ.

ಆದರೂ ಸಿಟ್ಟು ಹೋಗಿಲ್ಲ. ಬಿಸಿಲು ಮಳೆ ಅನ್ನದೆ ಮನೆ ಮನೆ ಸುತ್ತುವ ಮೀಟರ್ ರೀಡರ್ ಹುಡುಗನ ಮೇಲೆ ಅಲ್ಲ. ಓದಲು ಆಗದಿದ್ದರೆ ಓದಿಲ್ಲ ಅಂತಲೇ ಬರೆಯಬೇಕು. ಹಾಗೆ ಬರೆದಿದ್ದರೆ ಆಗಸ್ಟ್ ಬಿಲ್ ಮೂರು ತಿಂಗಳದ್ದು ಅಂತ ಕಾಗದದಲ್ಲೇ ಕಾಣುತ್ತಿತ್ತು. ಸುಮ್ನೆ 38 ಅಂತ ಹಾಕಿದ್ದರಿಂದ ಅದು ಓದಿದ ರೀಡಿಂಗ್ ಅಂತಲೇ ದಾಖಲಾಯಿತು. ನೂರರ ಹತ್ತಿರ ಉರಿಸುವ ಮನೆಗೆ ಎರಡು ತಿಂಗಳು ಮೂವತ್ತೆಂಟು, ಮೂವತ್ತೊಂಬತ್ತು ಬಂದಾಗ ಆಫೀಸಿನಲ್ಲಿ ಒಬ್ಬರಾದರೂ ಇದೇನು ಅಂತ ಕೇಳಬೇಕಿತ್ತು. ಮೊದಲಾಗಿದ್ದರೆ ಈ ತಿಂಗಳು ಬಿಟ್ಟಿದ್ದು ಮುಂದಿನ ತಿಂಗಳು ಬಂದರೆ ಹೆಚ್ಚು ಕಡಿಮೆ ಅದೇ ದುಡ್ಡು. ಈಗ 200ರ ಗೆರೆ ಇದೆ, ತಡವಾಗಿ ಓದಿದರೆ ಜನಕ್ಕೆ ನೇರವಾಗಿ ನಷ್ಟ.

ಅಮ್ಮನ ಸಾಲಿನಲ್ಲೇ ಇನ್ನೆರಡು ಮನೆಗೆ ಇದೇ ಆಗಸ್ಟ್‌ನಲ್ಲಿ 200 ದಾಟಿದ ಬಿಲ್ ಬಂದಿದೆ, ಅವರ ಜೂನ್, ಜುಲೈ ಬಿಲ್‌ನಲ್ಲೂ ಅರ್ಧಕ್ಕಿಂತ ಕಡಿಮೆ ಯೂನಿಟ್ ಇದೆ. ಒಬ್ಬರು ಹೆದರಿ ಆಗಲೇ ಕಟ್ಟಿಬಿಟ್ಟಿದ್ದಾರೆ. ಅವರ ಹತ್ತಿರ ಫೋಟೋ ಇಲ್ಲ, ಆದರೆ ವರ್ಷದ ಬಿಲ್ ಎಲ್ಲ ಇದೆ. ಈ ಭಾನುವಾರ ಅವರ ಜಗಲಿ ಮೇಲೆ ಕೂತು ಅವನ್ನು ಸಾಲಾಗಿ ಇಟ್ಟು ಬರೆಯುತ್ತೇನೆ. ಹೆಚ್ಚು ಕಟ್ಟಿದ ದುಡ್ಡನ್ನು ಮುಂದಿನ ಬಿಲ್‌ಗಳಲ್ಲಿ ಹೊಂದಿಸಿಕೊಡಿ ಅಂತ ಅರ್ಜಿಯಲ್ಲಿ ಕೇಳುತ್ತೇವೆ. ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗುತ್ತೇವೆ.

ಅಮ್ಮ ಈಗ ಪ್ರತಿ ತಿಂಗಳು 5ನೇ ತಾರೀಖು ಮೀಟರ್ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ 6813 ಇತ್ತು, ಬಿಲ್‌ನಲ್ಲೂ 6813. ಬಳಕೆ 98. ಫ್ಯಾನ್ ಹಾಕಿಕೊಂಡೇ ಮಲಗುತ್ತಿದ್ದಾರೆ.