ಕನಸಲ್ಲಿ ಊಟ ಸಾಲದೆ ಬಂದರೆ ಬದುಕಲ್ಲೂ ಏನೋ ಕೊರತೆ ಇದೆಯಾ?

ಪರ: ಇದೆ. ತಟ್ಟೆ ಯಾರ ಮುಂದೆ ಇಲ್ಲ ಅಂತ ನೋಡಿ

ಕಳೆದ ತಿಂಗಳು ನನಗೆ ಒಂದೇ ಕನಸು ಮೂರು ಸಲ ಬಿತ್ತು. ನೆಂಟರು ಬರುತ್ತಲೇ ಇದ್ದಾರೆ, ನಾನು ಬಡಿಸುತ್ತಲೇ ಇದ್ದೇನೆ. ಸೌಟು ಪಾತ್ರೆಯ ತಳಕ್ಕೆ ತಾಗಿ ಕರಕರ ಅನ್ನುತ್ತಿದೆ, ಆದರೂ ಹೇಗೋ ಎಲ್ಲರಿಗೂ ಸಾಕಾಗುತ್ತದೆ. ಕೊನೆಗೆ ನಾನೂ ಕೂರೋಣ ಅಂದರೆ ನನಗೆ ತಟ್ಟೆಯೇ ಇಲ್ಲ. ಯಾರೂ ಅದನ್ನು ಗಮನಿಸುವುದೂ ಇಲ್ಲ.

ಮೂರು ರಾತ್ರಿಯೂ ಹೊಟ್ಟೆ ತುಂಬ ಉಂಡೇ ಮಲಗಿದ್ದೆ. ಹಾಗಾಗಿ ಇದು ಹೊಟ್ಟೆಯ ಹಸಿವಲ್ಲ.

ಹೊಟ್ಟೆಯ ಹಸಿವೂ ಕನಸಿಗೆ ಬರುತ್ತದೆ, ಅದು ಬೇರೆ ಮಾತು. ಕನಸಿನ ಅರ್ಥ ಹುಡುಕಿದ ಮನೋವೈದ್ಯ ಫ್ರಾಯ್ಡ್ ತನ್ನ ಮಗಳು ಆನಾಳ ಕನಸನ್ನು ಬರೆದಿಟ್ಟಿದ್ದಾನೆ. ಆಗ ಅವಳಿಗೆ 19 ತಿಂಗಳು. ಬೆಳಿಗ್ಗೆ ವಾಂತಿ ಮಾಡಿಕೊಂಡಳು ಅಂತ ದಿನವಿಡೀ ಏನೂ ಕೊಟ್ಟಿರಲಿಲ್ಲ. ರಾತ್ರಿ ನಿದ್ದೆಯಲ್ಲೇ ತನ್ನ ಹೆಸರು ಹೇಳಿಕೊಂಡು ಸ್ಟ್ರಾಬೆರಿ, ಆಮ್ಲೆಟ್ ಅಂತ ತಿಂಡಿಗಳ ಪಟ್ಟಿಯನ್ನೇ ಕೂಗಿದಳಂತೆ. 1901ರಿಂದ 1904ರವರೆಗೆ ಅಂಟಾರ್ಕ್ಟಿಕಾದಲ್ಲಿದ್ದ ಸ್ವೀಡನ್ನಿನ ಅನ್ವೇಷಕ ನಾರ್ಡೆನ್‌ಶೋಲ್ಡ್ ತಂಡದವರಿಗೂ ಊಟದ ಕನಸೇ ಜಾಸ್ತಿ. ಒಬ್ಬನಿಗಂತೂ ರಾತ್ರಿ ಕನಸಲ್ಲಿ ಔತಣ ಮುಗಿಸಿ ಬಂದೆ ಅಂತ ಬೆಳಿಗ್ಗೆ ಹೇಳಿಕೊಳ್ಳುವುದೇ ಖುಷಿ.

ಉಂಡು ಮಲಗಿದವರ ಕನಸನ್ನು ಹೀಗೆ ನೇರವಾಗಿ ಓದಲಾಗದು. ಅಲ್ಲಿ ಏನು ಅಡುಗೆ ಅನ್ನುವುದು ಮುಖ್ಯ ಅಲ್ಲ. ಯಾರು ಬಡಿಸಿದರು, ಯಾರು ಉಂಡರು, ಯಾರಿಗೆ ಸಿಗಲಿಲ್ಲ, ಆಗ ಮನಸ್ಸಿಗೆ ಏನನ್ನಿಸಿತು, ಈ ನಾಲ್ಕನ್ನು ಎದ್ದ ಕೂಡಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮುಖ ತೊಳೆಯುವಷ್ಟರಲ್ಲಿ ಮರೆತುಹೋಗಿರುತ್ತದೆ. ನಾನು ಬರೆದಾಗ ಗೊತ್ತಾಗಿದ್ದು, ಕನಸಲ್ಲಿ ನನಗೆ ಊಟ ಸಾಲದು ಅನ್ನುವ ಭಯ ಇರಲೇ ಇಲ್ಲ. ಇದ್ದದ್ದು ಸಿಟ್ಟು. ಸಿಟ್ಟು ಅಂತ ಬರೆದ ಮೇಲೆ ಉಳಿದದ್ದು ತಾನಾಗಿ ಹೊಳೆಯಿತು: ಎರಡು ತಿಂಗಳಿಂದ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದೇನೆ, ಬಂದು ಹೋಗುವವರೆಲ್ಲ ಅವರ ಬಗ್ಗೆ ಕೇಳುತ್ತಾರೆ, ನೀನು ಉಂಡೆಯಾ ಅಂತ ನನ್ನನ್ನು ಕೇಳಿದವರು ಒಬ್ಬರೂ ಇಲ್ಲ.

ವಾರಕ್ಕೆ ಎರಡು ದಿನ ತಮ್ಮ ಬಂದು ನೋಡಿಕೊಳ್ಳಲಿ ಅಂತ ಕೊನೆಗೂ ಬಾಯಿಬಿಟ್ಟು ಹೇಳಿದೆ. ಆ ಮಾತು ಹೇಳಬೇಕು ಅಂತ ಗೊತ್ತಾಗಿದ್ದೇ ಕನಸಿನಿಂದ.

ವಿರೋಧ: ಕನಸು ಏನೇ ಇರಲಿ, ಅರ್ಥ ಒಂದೇ ಆದರೆ ಅದನ್ನು ಕನಸು ಓದುವುದು ಅನ್ನುವುದು ಹೇಗೆ?

ತಮ್ಮನಿಗೆ ಹೇಳಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಹೆಗ್ಗಳಿಕೆ ಕನಸಿಗೆ ಯಾಕೆ? ದಿನವಿಡೀ ಒಬ್ಬರಿಗೆ ಉಣಿಸುತ್ತಾ ಇರುವವರಿಗೆ ರಾತ್ರಿ ಬಡಿಸುವ ಕನಸು ಬಿದ್ದರೆ ಅದರಲ್ಲಿ ಗುಟ್ಟೇನಿದೆ? ಹಗಲಿನ ಕೆಲಸವೇ ನಿದ್ದೆಯಲ್ಲೂ ಮುಂದುವರಿದಿದೆ, ಅಷ್ಟೇ ಅಲ್ವಾ? ಎದ್ದು ನಾಲ್ಕು ಸಾಲು ಬರೆಯುತ್ತಾ ತನ್ನ ಬಗ್ಗೆ ಯೋಚಿಸಿದ್ದೇ ಕೆಲಸ ಮಾಡಿತು ಅನ್ನಿ, ಒಪ್ಪುತ್ತೇನೆ.

ಫ್ರಾಯ್ಡನ ಮಾತು ಎತ್ತಿದ ಮೇಲೆ ಅವನದೇ ಇನ್ನೊಂದು ಪ್ರಸಂಗವನ್ನೂ ನೋಡೋಣ. ಮಾಂಸದ ವ್ಯಾಪಾರಿಯೊಬ್ಬನ ಹೆಂಡತಿ ತನ್ನ ಕನಸನ್ನು ಫ್ರಾಯ್ಡನಿಗೆ ಹೇಳಿದಳು. ರಾತ್ರಿ ಊಟಕ್ಕೆ ಜನರನ್ನು ಕರೆಯಬೇಕು ಅಂತ ಅವಳ ಆಸೆ. ಮನೆಯಲ್ಲಿ ಹೊಗೆಯಲ್ಲಿಟ್ಟ ಸಾಲ್ಮನ್ ಮೀನು ಚೂರು ಬಿಟ್ಟರೆ ಏನೂ ಇಲ್ಲ. ಭಾನುವಾರ, ಅಂಗಡಿ ಮುಚ್ಚಿವೆ, ಫೋನೂ ಕೆಟ್ಟಿದೆ. ಊಟದ ಯೋಚನೆ ಕೈಬಿಡಬೇಕಾಯಿತು. ಕನಸು ಆಸೆ ತೀರಿಸುತ್ತದೆ ಅನ್ನುತ್ತೀರಲ್ಲ, ಇಲ್ಲಿ ನನ್ನ ಆಸೆ ತೀರಲೇ ಇಲ್ಲವಲ್ಲ ಅಂತ ಕೇಳಿದಳು. ಫ್ರಾಯ್ಡ್ ಸೋಲಲಿಲ್ಲ. ಅವಳಿಗೊಬ್ಬ ಸಪೂರ ಗೆಳತಿ. ಗಂಡನಿಗೆ ಆ ಗೆಳತಿಯೆಂದರೆ ಮೆಚ್ಚುಗೆ, ಆದರೆ ಅವನಿಗೆ ಮೈತುಂಬಿಕೊಂಡ ಹೆಂಗಸರೇ ಇಷ್ಟ. ಆ ಗೆಳತಿ ತಾನು ಇನ್ನಷ್ಟು ದಪ್ಪ ಆಗಬೇಕು, ಮತ್ತೆ ಯಾವಾಗ ಊಟಕ್ಕೆ ಕರೆಯುತ್ತೀರಿ ಅಂತ ಕೇಳಿದ್ದಳು. ಅವಳಿಗೆ ಉಣಿಸಬಾರದು ಅನ್ನುವುದೇ ನಿನ್ನ ಆಸೆ, ಅದು ತೀರಿತು ಅಂದ!

ಜಾಣತನದ ಉತ್ತರ, ನಿಜ. ಆದರೆ ಔತಣ ನಡೆದರೂ ಆಸೆ ತೀರಿದಂತೆ, ನಡೆಯದಿದ್ದರೂ ತೀರಿದಂತೆ ಅಂದಮೇಲೆ ಈ ಓದು ತಪ್ಪಾಗುವ ದಾರಿಯೇ ಉಳಿಯುವುದಿಲ್ಲ. ತಟ್ಟೆ ಇಲ್ಲದ ಕನಸಿಗೂ ಅದೇ ಪ್ರಶ್ನೆ. ಆ ಕನಸು ಕಂಡವರಿಗೆ ತಟ್ಟೆ ಸಿಕ್ಕಿ, ಹೊಟ್ಟೆ ತುಂಬ ಉಂಡಿದ್ದರೆ, ಎಚ್ಚರದಲ್ಲಿ ಸಿಗದ ಆರೈಕೆ ಕನಸಲ್ಲಿ ಸಿಕ್ಕಿತು ಅಂತ ಓದುತ್ತಿರಲಿಲ್ಲವೇ?

ಇನ್ನು ನಿಜವಾದ ಕೊರತೆ. ನಿದ್ದೆಯ ಸಂಶೋಧಕರಾದ ಡಿಮೆಂಟ್ ಮತ್ತು ವೋಲ್ಪರ್ಟ್ 1958ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಕೆಲವರನ್ನು 24 ಗಂಟೆಯೋ ಅದಕ್ಕೂ ಜಾಸ್ತಿಯೋ ನೀರಿಲ್ಲದೆ ಇರಿಸಿ, ಕನಸು ಬೀಳುವ ಹೊತ್ತಿಗೆ ಎಬ್ಬಿಸಿ ಕೇಳಿದರು. ಹೇಳಿದ 15 ಕನಸುಗಳಲ್ಲಿ ಬಾಯಾರಿಕೆಗೆ ಸಂಬಂಧ ಕಲ್ಪಿಸಬಹುದಾದವು 5. ನೀರು ಕುಡಿದ ಕನಸು ಒಂದೂ ಇಲ್ಲ. ಗಂಟಲು ಒಣಗಿದವನಿಗೇ ಹೀಗಾದರೆ, ಮಮತೆಯ ಹಸಿವು ಮಾತ್ರ ಊಟದ ವೇಷದಲ್ಲಿ ತಪ್ಪದೆ ಬರುತ್ತದೆ ಅಂತ ಹೇಗೆ ನಂಬುವುದು?

ಅಂಟಾರ್ಕ್ಟಿಕಾದ ಕಥೆಯೂ ಅರ್ಧವೇ. ದಕ್ಷಿಣ ಧ್ರುವಕ್ಕೆ ಹೊರಟಿದ್ದ ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದಲ್ಲಿದ್ದ ಚೆರಿ-ಗರಾರ್ಡ್ ಕನಸಲ್ಲಿ ರಾತ್ರಿ ರಾತ್ರಿಯೂ ರೈಲು ನಿಲ್ದಾಣದ ಅಂಗಡಿಯಲ್ಲಿ ಬನ್ನು, ಚಾಕೊಲೇಟ್ ಕೊಳ್ಳುತ್ತಿದ್ದ. ಬಾಯಿಗಿಡುವ ಮೊದಲೇ ಎಚ್ಚರ. ಅದೇ ಹಸಿವಿನಲ್ಲಿ ಮಲಗಿದ್ದ ಜೊತೆಗಾರರಲ್ಲಿ ಕೆಲವರು ಕನಸಿನ ಊಟ ಮುಗಿಸಿಯೇ ಏಳುತ್ತಿದ್ದರು.