ಇಂಟ್ರಾಡೇ ನಷ್ಟ: ಆ ಮೆಸೇಜ್ ತಪ್ಪು

ಷೇರು ವ್ಯವಹಾರದ ತೆರಿಗೆ ಬಗ್ಗೆ ಹೀಗೊಂದು ಮೆಸೇಜ್ ಹರಿದಾಡುತ್ತಿದೆ: “ಇಂಟ್ರಾಡೇ ನಷ್ಟವನ್ನ ಡೆಲಿವರಿ ಲಾಭದಲ್ಲಿ ಕಳೀಬಹುದು, ಉಳಿದದ್ದನ್ನ 8 ವರ್ಷ ಇಟ್ಕೊಬಹುದು.”

ಎರಡೂ ಸರಿಯಲ್ಲ. ಇಂಟ್ರಾಡೇ ಎಂದರೆ ಷೇರನ್ನು ಅದೇ ದಿನ ಕೊಂಡು ಮಾರುವುದು; ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಅದು ಸ್ಪೆಕ್ಯುಲೇಷನ್ ವ್ಯವಹಾರ. ಅದರ ನಷ್ಟವನ್ನು ಅಂಥದ್ದೇ ಲಾಭದಲ್ಲಿ ಮಾತ್ರ ಕಳೆಯಬಹುದು. ಮುಂದಕ್ಕೆ ಒಯ್ಯಲು ಸಿಗುವುದು 4 ವರ್ಷ.

ಇಂಟ್ರಾಡೇಯಲ್ಲಿ 40,000 ರೂಪಾಯಿ ಹೋಯಿತು, ಹೂಡಿಕೆಗೆಂದು ಕೊಂಡ ಡೆಲಿವರಿ ಷೇರಿನಲ್ಲಿ 60,000 ಬಂತು ಎಂದುಕೊಳ್ಳಿ. ಲೆಕ್ಕಕ್ಕೆ ಬರುವ ಲಾಭ 20,000 ಅಲ್ಲ, ಪೂರ್ತಿ 60,000. ಬೇಜಾರಿನ ವಿಷಯವೇ, ಆದರೆ ನಿಯಮ ಹಾಗಿದೆ.

8 ವರ್ಷ ಸಿಗುವುದು ಡೆಲಿವರಿ ನಷ್ಟಕ್ಕೆ. ಅದರಲ್ಲೂ ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದಲ್ಲಿ ಕಳೆಯಬಹುದು. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ. ಇವುಗಳಲ್ಲಿ ಯಾವ ನಷ್ಟವೇ ಇರಲಿ, ಗಡುವಿನೊಳಗೆ ರಿಟರ್ನ್ ಸಲ್ಲಿಸದಿದ್ದರೆ ಮುಂದಕ್ಕೆ ಒಯ್ಯಲಾಗದು.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.